ದುರಸ್ತಿಯಾಗಿ ಬಂದ ಸ್ಪೀಕರ್‌ನಲ್ಲಿ ಅದೇ ದೋಷ ಮರುಕಳಿಸಿರುವ ಬಗ್ಗೆ ದೂರು

ಡೊಂಬಿವಲಿ ಪೂರ್ವ
ದಿನಾಂಕ: 17 ಜೂನ್ 2025

ಗೆ,
ವ್ಯವಸ್ಥಾಪಕರು,
ಸ್ಪೀಕರ್ ದುರಸ್ತಿ ಕೇಂದ್ರ,
ಲ್ಯಾಮಿಂಗ್ಟನ್ ರೋಡ್, ಮುಂಬೈ

ಮಾನ್ಯರೇ,

ನಮ್ಮ ಭಜನಾ ಮಂಡಳಿಯ 12 ಇಂಚಿನ ಪವರ್ಡ್ ಸ್ಪೀಕರನ್ನು ಜೂನ್ 2ರಂದು ದುರಸ್ತಿಗೆ ಕೊಟ್ಟು, 1,850 ರೂಪಾಯಿ ಪಾವತಿಸಿ, 14ರಂದು ಮರಳಿ ಪಡೆದಿದ್ದೇವೆ. ನಿಮ್ಮಲ್ಲಿ ಕನ್ನಡದಲ್ಲಿಯೇ ವ್ಯವಹರಿಸುವ ರೂಢಿಯಿರುವುದರಿಂದ ಈ ಪತ್ರವನ್ನೂ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಸ್ಪೀಕರ್ ಕೊಡುವಾಗ ನಾನು ಹೇಳಿದ್ದ ದೋಷ ಇಷ್ಟೇ: ಚಾಲೂ ಮಾಡಿದ ಮೇಲೆ ಅರ್ಧ ಗಂಟೆಯವರೆಗೆ ಯಾವ ತೊಂದರೆಯೂ ಇರುವುದಿಲ್ಲ, ಬಳಿಕ ಕರಕರ ಸದ್ದು ಆರಂಭವಾಗಿ ದನಿ ಪೂರ್ತಿ ನಿಂತುಹೋಗುತ್ತದೆ, ಪೆಟ್ಟಿಗೆಯ ಹಿಂಬದಿಯನ್ನು ಕೈಯಿಂದ ತಟ್ಟಿದರೆ ಮತ್ತೆ ಬರುತ್ತದೆ. ನಿಮ್ಮ ಬಿಲ್ಲಿನಲ್ಲಿ ‘ಇನ್‌ಪುಟ್ ಜ್ಯಾಕ್ ಬದಲಾವಣೆ, ಪರೀಕ್ಷಿಸಿ ಸರಿಯಿದೆ’ ಎಂದಿದೆ. ಆದರೆ 14ರ ಸಂಜೆಯ ಭಜನೆಯಲ್ಲಿ, ಸುಮಾರು 35 ನಿಮಿಷಗಳಾಗುತ್ತಿದ್ದಂತೆ, ಹಿಂದಿನಂತೆಯೇ ಕರಕರ ಕೇಳಿಸಿ ದನಿ ನಿಂತಿತು. ತಟ್ಟಿದಾಗ ಬಂತು, ಹತ್ತು ನಿಮಿಷಗಳಲ್ಲಿ ಮತ್ತೆ ಹೋಯಿತು.

ನಮ್ಮ ಕಡೆಯ ತಪ್ಪಿರಬಹುದೆಂದು ಮರುದಿನ ಕೇಬಲ್ ಬದಲಿಸಿ, ಮಿಕ್ಸರ್‌ನ ಬೇರೆ ಔಟ್‌ಪುಟ್‌ಗೆ ಜೋಡಿಸಿ, ಬೇರೆ ಪ್ಲಗ್ ಪಾಯಿಂಟ್‌ನಿಂದ ವಿದ್ಯುತ್ ಕೊಟ್ಟು ನೋಡಿದೆವು. ಅದೇ ಕೇಬಲ್‌ಗೆ ಜೋಡಿಯ ಇನ್ನೊಂದು ಸ್ಪೀಕರನ್ನು ಹಾಕಿದಾಗ ಅದು ಎರಡು ಗಂಟೆ ನಿರಾತಂಕವಾಗಿ ಹಾಡಿತು. ಕೇಬಲ್ ಜೋಡಿಸದೆ ಬರಿದೇ ಚಾಲೂ ಇಟ್ಟಾಗಲೂ ದೋಷದ ಸ್ಪೀಕರ್‌ನಲ್ಲಿ ಬಿಸಿಯೇರಿದ ಮೇಲೆ ಕರಕರ ಬಂದುದರಿಂದ, ಜ್ಯಾಕ್‌ಗೂ ಇದಕ್ಕೂ ಸಂಬಂಧವಿರಲಾರದೆಂದು ನನಗನ್ನಿಸುತ್ತದೆ. ನಾನು ತಂತ್ರಜ್ಞನಲ್ಲ, ಆದರೂ ಬಿಸಿಯಾದಾಗ ಹೋಗುವ, ತಟ್ಟಿದರೆ ಬರುವ ದನಿಗೆ ಆಂಪ್ಲಿಫಯರ್ ಬೋರ್ಡಿನಲ್ಲಿ ಬಿಟ್ಟಿರುವ ಬೆಸುಗೆಯೋ ಸಡಿಲ ಕನೆಕ್ಟರೋ ಕಾರಣವಿರಬಹುದೆಂದು ಯಾರಿಗಾದರೂ ಮೊದಲು ಸಂಶಯ ಬರಬೇಕಿತ್ತು. ಹತ್ತು ನಿಮಿಷ ಹಾಡಿಸಿ ನೋಡಿದರೆ ಸಿಗುವ ದೋಷ ಇದಲ್ಲ ಎಂಬುದನ್ನು ಕೌಂಟರಿನಲ್ಲಿಯೇ ತಿಳಿಸಿದ್ದೆ.

ಸುಮಾರು 15 ಕಿಲೋ ತೂಕದ ಪೆಟ್ಟಿಗೆಯನ್ನು ಲೋಕಲ್‌ನ ಲಗೇಜ್ ಡಬ್ಬಿಯಲ್ಲಿ ದಾದರಿಗೆ ತಂದು, ಅಲ್ಲಿ ಗಾಡಿ ಬದಲಿಸಿ ಗ್ರಾಂಟ್ ರೋಡಿಗೆ ಒಯ್ಯುವ ಶ್ರಮವನ್ನು ನಾನು ಇಲ್ಲಿ ಲೆಕ್ಕಕ್ಕೆ ಹಿಡಿಯುತ್ತಿಲ್ಲ. ಆದರೆ ದುರಸ್ತಿಗೆ ಮೂರು ತಿಂಗಳ ಖಾತರಿ ಎಂದು ನಿಮ್ಮ ಬಿಲ್ಲಿನಲ್ಲಿಯೇ ಮುದ್ರಿಸಿರುವುದರಿಂದ, ಸ್ಪೀಕರನ್ನು ನಮ್ಮಲ್ಲಿಂದ ನೀವೇ ತರಿಸಿಕೊಂಡು, ಹೊಸ ಶುಲ್ಕವಿಲ್ಲದೆ ದುರಸ್ತಿ ಮಾಡಿ, ಕನಿಷ್ಠ ಒಂದು ಗಂಟೆ ಸತತವಾಗಿ ಹಾಡಿಸಿ ಪರೀಕ್ಷಿಸಿ, ಯಾವ ಭಾಗವನ್ನು ಸರಿಪಡಿಸಿದಿರೆಂದು ಬರೆದು ಕೊಡಬೇಕಾಗಿ ಕೋರುತ್ತೇನೆ. ಬದಲಿಸಿದ ಹಳೆಯ ಭಾಗವನ್ನೂ ಹಿಂತಿರುಗಿಸಿರಿ. ಮೊದಲ ಸಲ ಬದಲಿಸಿದ ಜ್ಯಾಕ್ ನಮಗೆ ಸಿಕ್ಕಿಲ್ಲ.

ಜುಲೈ 6ರ ಆಷಾಢ ಏಕಾದಶಿಯ ಭಜನೆಗೆ ಸ್ಪೀಕರ್ ಬೇಕಾಗಿರುವುದರಿಂದ ಜುಲೈ 3ರೊಳಗೆ ಅದು ನಮ್ಮ ಕೈಸೇರಬೇಕು. ಅದು ಸಾಧ್ಯವಿಲ್ಲವಾದರೆ ಇದೇ ವಾರದೊಳಗೆ ತಿಳಿಸಿ, 1,850 ರೂಪಾಯಿಯನ್ನು ಮರಳಿಸಿರಿ. ಎರಡೂ ಆಗದಿದ್ದಲ್ಲಿ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರಡಿ ಸೇವೆಯ ನ್ಯೂನತೆಯೆಂದು ದೂರು ಸಲ್ಲಿಸಬೇಕಾಗುತ್ತದೆ.

ಬಿಲ್ಲಿನ ಪ್ರತಿಯನ್ನು ಲಗತ್ತಿಸಿದ್ದೇನೆ. 14ರ ಸಂಜೆಯ ಧ್ವನಿಮುದ್ರಣ ನನ್ನ ಬಳಿಯಿದ್ದು, ಕೇಳಿದಲ್ಲಿ ಕಳುಹಿಸುತ್ತೇನೆ.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ, ಭಜನಾ ಮಂಡಳಿ