ಜೇವರ್ಗಿ ತಾಲ್ಲೂಕಿನ ಶಾಲೆಗಳ ಮಳೆನೀರು ಸಂಪು: ಕಲಿತ ಪಾಠಗಳ ವರದಿ

ಈ ವರದಿ ಮುಂದೆ ಎರೆ ನೆಲದಲ್ಲಿ ಸಂಪು ಕಟ್ಟುವ ತಂಡಕ್ಕೆ. ಎಸ್ಟಿಮೇಟ್ ಮಾಡುತ್ತಿದ್ದರೆ ಮೊದಲ ಭಾಗ ಓದಿ. ಶೆಡ್ಯೂಲ್ ಹಾಕುತ್ತಿದ್ದರೆ ಎರಡನೆಯದು. ಕೆಲಸ ಮುಗಿಸಿ ಶಾಲೆಗೆ ಒಪ್ಪಿಸುವ ಹಂತದಲ್ಲಿದ್ದರೆ ಮೂರನೆಯದು. ಎಷ್ಟು ಸಭೆ ನಡೆಯಿತು, ಯಾರು ಉದ್ಘಾಟಿಸಿದರು ಅನ್ನೋದೆಲ್ಲ ಸಮಾರೋಪ ವರದಿಯಲ್ಲಿದೆ. ಇಲ್ಲಿ ಬೇಡ.

ಕೆಲಸ ಇಷ್ಟು: 12 ಸರ್ಕಾರಿ ಶಾಲೆಗಳು, ಪ್ರತಿ ಶಾಲೆಗೆ 10,000 ಲೀಟರಿನ ನೆಲದಡಿ ಸಂಪು, ಮಾಳಿಗೆಯಿಂದ ಪೈಪು, ಫಿಲ್ಟರ್. ಈಗ 11 ಸಂಪು ಬಳಕೆಯಲ್ಲಿವೆ. ಒಂದನ್ನು ಕೈಬಿಟ್ಟೆವು.

1. ಎರೆ ಮಣ್ಣು ಮತ್ತು ಎಸ್ಟಿಮೇಟ್

ಮೊದಲ ಎಸ್ಟಿಮೇಟ್ ಬೀದರ್ ಕಡೆಯ ಹಳೆಯ ಕೆಲಸದಿಂದ ಬಂದದ್ದು. ಅಲ್ಲಿ ಕೆಂಪು ಮುರಕಲ್ಲು. ಅಗೆದ ಗುಂಡಿಯ ಗೋಡೆ ನೆಟ್ಟಗೆ ನಿಲ್ಲುತ್ತದೆ, ಅಗೆದ ಮಣ್ಣನ್ನೇ ತಿರುಗಿ ತುಂಬಬಹುದು. ಜೇವರ್ಗಿಯ ಕರಿ ಎರೆ ಹಾಗಲ್ಲ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ. ಉಬ್ಬಿದ್ದು ಸಂಪಿನ ಗೋಡೆಯನ್ನು ಒಳಕ್ಕೆ ತಳ್ಳುತ್ತದೆ.

ಮೊದಲು ಕಟ್ಟಿದ ಮೂರು ಸಂಪುಗಳು ಇಟ್ಟಿಗೆ ಗೋಡೆಯವು. ಸುತ್ತ ತುಂಬಿದ್ದು ಅಲ್ಲೇ ಅಗೆದ ಎರೆ ಮಣ್ಣು. ಮೂರರಲ್ಲೂ ಬಿರುಕು ಒಂದೇ ಥರ: ಉದ್ದನೆಯ ಗೋಡೆಯ ನಡು ಎತ್ತರದಲ್ಲಿ, ಅಡ್ಡಕ್ಕೆ. ಎರಡು ಕಡೆ ಬಿರುಕು ಕಂಡದ್ದು ಮಳೆಗಾಲದ ಮಧ್ಯೆ ತೊಳೆಯಲೆಂದು ಸಂಪು ಖಾಲಿ ಮಾಡಿದಾಗ. ಹೊರಗೆ ಮಣ್ಣು ತಳ್ಳುತ್ತಿರುವಾಗ ಒಳಗೆ ನೀರಿನ ಎದುರು ಒತ್ತಡ ಇರಲಿಲ್ಲ. ತೊಳೆಯುವ ಕೆಲಸ ಬೇಸಿಗೆಯಲ್ಲೇ ಆಗಲಿ. ಇದನ್ನು ಸಂಪಿನ ಮುಚ್ಚಳದ ಮೇಲೆ ಪೇಂಟಿನಲ್ಲಿ ಬರೆಸಿದ್ದೇವೆ.

ಉಳಿದ ಒಂಬತ್ತಕ್ಕೆ ವಿಧಾನ ಬದಲಾಯಿಸಿದೆವು. ಗೋಡೆ ಆರ್‌ಸಿಸಿ. ಗುಂಡಿ ಸುತ್ತಲೂ ಒಂದೂವರೆ ಅಡಿ ಜಾಸ್ತಿ ಅಗಲ. ಆ ಸಂದಿಗೂ ತಳಕ್ಕೂ ಗರಸು, ಅರ್ಧರ್ಧ ಅಡಿ ಹಾಕಿ ನೀರು ಹೊಡೆದು ಧಮ್ಮಸ್ಸು. ಒಂದು ಸಂಪಿಗೆ ಸುಮಾರು ನಾಲ್ಕು ಬ್ರಾಸ್ ಗರಸು ಹಿಡಿಯಿತು. ಒಂದು ಮಳೆಗಾಲ ಕಳೆದಿದೆ, ಒಂಬತ್ತರಲ್ಲಿ ಒಂದೂ ಬಿರುಕು ಬಿಟ್ಟಿಲ್ಲ. ಇದು ಒಂದೇ ಮಳೆಗಾಲದ ಮಾತು ಅನ್ನೋದು ನೆನಪಿರಲಿ.

ಗರಸು ಎರೆ ಊರಿನಲ್ಲಿ ಸಿಗುವುದಿಲ್ಲ, ದೂರದಿಂದ ತರಿಸಬೇಕು. ಬಾಡಿಗೆ ಗರಸಿನ ಬೆಲೆಗಿಂತ ಜಾಸ್ತಿ ಬೀಳಬಹುದು. ಎಸ್ಟಿಮೇಟಿನಲ್ಲಿ ಅದಕ್ಕೆ ಪ್ರತ್ಯೇಕ ಸಾಲು ಇಲ್ಲದಿದ್ದರೆ ಗೌಂಡಿ ಅಲ್ಲೇ ಇದ್ದ ಮಣ್ಣನ್ನು ನೂಕುತ್ತಾನೆ. ತಪ್ಪು ಅವನದಲ್ಲ. ಡ್ರೈವ್‌ನಲ್ಲಿ ಎರಡು ಫೈಲ್ ಇವೆ. `Jewargi-Sump-Estimate-2.xlsx` ತೆಗೆಯಿರಿ. 1 ಹಳೆಯದು, ಲೆಕ್ಕಪರಿಶೋಧನೆಗೆ ಇಟ್ಟದ್ದು ಅಷ್ಟೇ.

2. ಯಾವ ತಿಂಗಳಲ್ಲಿ ಏನು

ಡಿಸೆಂಬರ್, ಜನವರಿ ತೊಗರಿ ರಾಶಿ. ಆಳು ಸಿಗುವುದಿಲ್ಲ, ಸಿಕ್ಕರೂ ಟ್ರ್ಯಾಕ್ಟರ್ ಸಿಗುವುದಿಲ್ಲ. ರಾಶಿ ಮುಗಿದ ಮೇಲೆ ಎಷ್ಟೋ ಮನೆಯವರು ಪುಣೆ, ಮುಂಬೈ, ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಹಾಗಾಗಿ ಫೆಬ್ರವರಿಯ ಮೊದಲ ವಾರದಲ್ಲೇ ಆಳುಗಳಿಗೆ ಮುಂಗಡ ಕೊಟ್ಟು ಹಿಡಿದಿಟ್ಟುಕೊಳ್ಳಿ.

ಬೇಸಿಗೆ ರಜೆಯಲ್ಲಿ ಅಗೆತ ಸಲೀಸು ಅನ್ನಿಸುತ್ತದೆ, ಮಕ್ಕಳಿರುವುದಿಲ್ಲ ಅಲ್ವಾ. ಆದರೆ ಶಾಲೆಯ ಬೀಗದ ಕೈ ಇರುವವರೂ ಊರಲ್ಲಿರುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬಿಸಿಲಿನ ಕಾರಣಕ್ಕೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ. ಸೈಟ್ ನೋಡಿಕೊಂಡು ಸಹಿಗೆ ಹೋದರೆ ಆ ದಿನ ಮುಗಿಯಿತು. ಮೊದಲು ಸಹಿ, ಆಮೇಲೆ ಸೈಟ್. ಕಾಂಕ್ರೀಟ್ ಬೆಳಗಿನ ಜಾವ ಹಾಕಿ. ಕ್ಯೂರಿಂಗ್ ನೀರಿಗೆ ಟ್ಯಾಂಕರ್ ಖರ್ಚನ್ನೂ ಸೇರಿಸಿ.

3. ಒಪ್ಪಿಸುವಾಗ

ಮೊದಲ ಮಳೆಯ ಕೊಳೆ ನೀರು ಹೊರಗೆ ಹೋಗಲು ಪೈಪಿನ ಬುಡದಲ್ಲಿ ಒಂದು ಮುಚ್ಚಳ ಇದೆ. ಅದನ್ನು ಯಾರು ತಿರುಗಿಸುತ್ತಾರೆ ಅನ್ನೋದರ ಮೇಲೇ ನೀರಿನ ಗುಣ ನಿಂತಿದೆ. ಆರಂಭದಲ್ಲಿ ಹೆಡ್‌ಮಾಸ್ತರಿಗೆ ಒಪ್ಪಿಸಿದೆವು. ಇಬ್ಬರಿಗೆ ವರ್ಗವಾಯಿತು, ಹೊಸಬರಿಗೆ ಮುಚ್ಚಳ ಇರುವುದೇ ಗೊತ್ತಿರಲಿಲ್ಲ.

ಒಂದು ಶಾಲೆಯಲ್ಲಿ ಬಿಸಿಯೂಟದ ಅಡುಗೆಯವರು ಯಾರೂ ಹೇಳದೆಯೇ ಇದನ್ನು ವಹಿಸಿಕೊಂಡರು. ಪಾತ್ರೆ ತೊಳೆಯುವ ನೀರು ಅವರಿಗೇ ಬೇಕು. "ಮಾಳಗಿ ಮ್ಯಾಲ ಪಾರಿವಾಳ ಕೂಡ್ತಾವ್ರಿ, ಮೊದಲನೇ ನೀರು ಒಳಗ ಬಿಟ್ರ ವಾಸನಿ ಬರ್ತದ" ಎಂದರು. ಅಲ್ಲಿನ ಸಂಪು ಇವತ್ತಿಗೂ ಎಲ್ಲಕ್ಕಿಂತ ಚೊಕ್ಕ. ಆಮೇಲೆ ಎಲ್ಲ ಕಡೆ ತರಬೇತಿಯನ್ನು ಅಡುಗೆಯವರಿಗೇ ಕೊಟ್ಟೆವು, ಕಾಗದದ ಸಹಿ ಮಾತ್ರ ಹೆಡ್‌ಮಾಸ್ತರದ್ದು. ಈ ನೀರು ತೊಳೆಯಲು, ಗಿಡಕ್ಕೆ, ಶೌಚಾಲಯಕ್ಕೆ. ಕುಡಿಯಲು ಅಲ್ಲ. ಇದನ್ನೂ ಅವರಿಗೇ ಹೇಳಿ.

ಇನ್ನೂ ಬಾಕಿ

ಬಿರುಕು ಬಿಟ್ಟ ಮೂರರಲ್ಲಿ ಎರಡನ್ನು ಹೊರಗಿನಿಂದ ಅಗೆದು, ಗರಸು ತುಂಬಿ, ಬಿರುಕಿಗೆ ಗ್ರೌಟ್ ಹಾಕಿ ಉಳಿಸಿಕೊಂಡೆವು. ಮೂರನೆಯ ಕಡೆ ಕಟ್ಟೆಯ ಮೇಲೆ 5,000 ಲೀಟರಿನ ಪ್ಲಾಸ್ಟಿಕ್ ಟ್ಯಾಂಕ್ ಇಟ್ಟಿದ್ದೇವೆ. ಖರ್ಚು ಕಡಿಮೆ, ಹಿಡಿಯುವ ನೀರು ಅರ್ಧ, ಮೇಲಾಗಿ ಬಿಸಿಲಿಗೆ ನೀರು ಕಾಯುತ್ತದೆ. ಎರೆ ನೆಲಕ್ಕೆ ಇದೇ ಸರಿಯೋ ಅನ್ನೋದು ಮುಂದಿನ ಅಕ್ಟೋಬರಿನಲ್ಲಿ ಗ್ರೌಟ್ ಹಾಕಿದ ಎರಡು ಗೋಡೆಗಳನ್ನು ನೋಡಿದ ಮೇಲೆ ತೀರ್ಮಾನವಾಗಲಿ. ಅಳತೆಗೆ ಬಿರುಕಿನ ಮೇಲೆ ಗಾಜಿನ ಪಟ್ಟಿ ಅಂಟಿಸಿದ್ದೇವೆ. ಒಡೆದಿದ್ದರೆ ಗೋಡೆ ಇನ್ನೂ ಸರಿಯುತ್ತಿದೆ ಎಂದರ್ಥ.