ಹೊಲಿಗೆ ಯಂತ್ರ ಮಾರಾಟಕ್ಕಿದೆ, ಮೈಸೂರು ಕುವೆಂಪುನಗರ: ಅಂಗಡಿಗೇ ಬಂದು, ಹೊಲಿದು ನೋಡಿ, ಆಮೇಲೆ ಹಣ ಕೊಡಿ

ಉಷಾ ಕಂಪನಿಯ, ನೇರ ಹೊಲಿಗೆಯ ಕಪ್ಪು ಬಣ್ಣದ ಯಂತ್ರವನ್ನು ಕಬ್ಬಿಣದ ಸ್ಟ್ಯಾಂಡ್, ಮರದ ಟೇಬಲ್ ಮತ್ತು ಮೋಟಾರ್ ಸಮೇತ ಮಾರುತ್ತಿದ್ದೇನೆ. 2018ರಲ್ಲಿ ಹೊಸದಾಗಿಯೇ ಕೊಂಡಿದ್ದು, ಅಂದಿನಿಂದ ನನ್ನ ಅಂಗಡಿಯಲ್ಲಿ ರವಿಕೆ, ಚೂಡಿದಾರ್ ಮತ್ತು ಶಾಲಾ ಸಮವಸ್ತ್ರಗಳನ್ನು ಹೊಲಿಯಲು ನಾನೊಬ್ಬಳೇ ಬಳಸಿದ್ದೇನೆ. ಮಂಡಿನೋವಿನಿಂದಾಗಿ ಕೆಲಸ ಕಡಿಮೆ ಮಾಡುತ್ತಿರುವುದರಿಂದ ಎರಡು ಯಂತ್ರಗಳಲ್ಲಿ ಒಂದನ್ನು ಕೊಡುತ್ತಿದ್ದೇನೆ. ಬೆಲೆ 7,500 ರೂಪಾಯಿ. ಯಂತ್ರವನ್ನು ಕಣ್ಣಾರೆ ನೋಡಿದ ಮೇಲೆ ಸ್ವಲ್ಪ ಚೌಕಾಸಿಗೆ ಅವಕಾಶವಿದೆ. ನೋಡದೆಯೇ ಸಂದೇಶದಲ್ಲಿ ಬೆಲೆ ಮಾತಾಡುವುದು ಬೇಡ.

ಲೋಪಗಳನ್ನು ಮೊದಲೇ ಹೇಳಿಬಿಡುತ್ತೇನೆ. ಟೇಬಲ್ಲಿನ ಎಡ ಮೂಲೆಯಲ್ಲಿ ಸನ್‌ಮೈಕಾ ಎರಡು ಬೆರಳಿನಷ್ಟು ಅಗಲ ಎದ್ದಿದೆ. ಬಾಬಿನ್‌ಗೆ ನೂಲು ಸುತ್ತುವ ಭಾಗದ ರಬ್ಬರ್ ಉಂಗುರ ಸವೆದಿರುವುದರಿಂದ ಕೆಲವೊಮ್ಮೆ ಅದನ್ನು ಬೆರಳಿನಿಂದ ಒತ್ತಿ ಹಿಡಿಯಬೇಕಾಗುತ್ತದೆ. ಹೊಸ ಉಂಗುರಕ್ಕೆ ಹೆಚ್ಚು ಖರ್ಚಿಲ್ಲ. ಮೋಟಾರನ್ನು ಬಿಡುವಿಲ್ಲದೆ ಓಡಿಸಿದರೆ ಬಿಸಿಯಾಗುತ್ತದೆ, ಹಾಗಾಗಿ ನಡುನಡುವೆ ಕಾಲಿನಿಂದ ತುಳಿದು ಹೊಲಿಯುವುದು ನನ್ನ ರೂಢಿ. ಇವಿಷ್ಟನ್ನು ಬಿಟ್ಟರೆ ಹೊಲಿಗೆಯಲ್ಲಿ ದೋಷವಿಲ್ಲ. ಆದರೆ ನನ್ನ ಮಾತನ್ನು ನಂಬಿ ಹಣ ಕೊಡಬೇಡಿ. ನೀವೇ ಹೊಲಿದು ನೋಡಬೇಕೆಂಬುದೇ ಈ ಮಾರಾಟದ ಮುಖ್ಯ ಷರತ್ತು.

ಭೇಟಿಯ ಸ್ಥಳ ನನ್ನ ಅಂಗಡಿಯೇ. ಅದು ಕುವೆಂಪುನಗರದ ಮುಖ್ಯರಸ್ತೆಗೆ ತೆರೆದುಕೊಂಡಿರುವ ಕೋಣೆಯಾಗಿದ್ದು, ಅಕ್ಕಪಕ್ಕದಲ್ಲಿ ದಿನಸಿ ಅಂಗಡಿ ಮತ್ತು ಔಷಧ ಅಂಗಡಿಗಳಿವೆ. ಹಗಲಿನಲ್ಲಿ ಜನರ ಓಡಾಟ ಯಾವಾಗಲೂ ಇರುತ್ತದೆ. ಸೋಮವಾರದಿಂದ ಶುಕ್ರವಾರದವರೆಗೆ ಸಂಜೆ 4ರಿಂದ 6 ಗಂಟೆ, ಶನಿವಾರ ಮತ್ತು ಭಾನುವಾರ ಬೆಳಿಗ್ಗೆ 10.30ರಿಂದ ಮಧ್ಯಾಹ್ನ 1 ಗಂಟೆ, ಇವು ನೋಡಲು ಬರುವ ಸಮಯ. ಕತ್ತಲಾದ ಮೇಲೆ ಯಂತ್ರವನ್ನು ತೋರಿಸುವುದೂ ಇಲ್ಲ, ಸಾಗಿಸಲು ಕೊಡುವುದೂ ಇಲ್ಲ. ಬರುವ ಹಿಂದಿನ ದಿನ ಇಲ್ಲಿನ ಸಂದೇಶ ಪೆಟ್ಟಿಗೆಯಲ್ಲಿಯೇ ದಿನ ಮತ್ತು ಗಂಟೆಯನ್ನು ತಿಳಿಸಿದರೆ, ನಾನು ಒಪ್ಪಿಗೆಯನ್ನೂ ಅಂಗಡಿಯ ಗುರುತನ್ನೂ ಬರೆದು ಕಳಿಸುತ್ತೇನೆ. ಒಪ್ಪಿದ ಸಮಯದಿಂದ ಅರ್ಧ ಗಂಟೆಯವರೆಗೆ ಕಾಯುತ್ತೇನೆ. ತಡವಾಗುವುದಾದರೆ ಒಂದು ಸಾಲು ಬರೆಯಿರಿ. ಸುದ್ದಿಯಿಲ್ಲದಿದ್ದರೆ ಮುಂದಿನವರನ್ನು ಕರೆಯುತ್ತೇನೆ. ಒಬ್ಬರಿಗೆ ಸಮಯ ಕೊಟ್ಟಿರುವಾಗ ಅದೇ ಹೊತ್ತಿಗೆ ಇನ್ನೊಬ್ಬರನ್ನು ಕರೆದು ಬೆಲೆ ಏರಿಸುವ ಕೆಲಸವನ್ನು ನಾನು ಮಾಡುವುದಿಲ್ಲ. ಮನೆಯವರನ್ನೋ ಸ್ನೇಹಿತರನ್ನೋ ಜೊತೆಗೆ ಕರೆತನ್ನಿ. ಹೊಲಿಗೆ ಬಲ್ಲ ಒಬ್ಬರು ಇದ್ದರೆ ಇನ್ನೂ ಒಳ್ಳೆಯದು. ಅಂದು ಅಂಗಡಿಯಲ್ಲಿ ನನ್ನ ಜೊತೆಗೂ ಮಗಳು ಇರುತ್ತಾಳೆ.

ಪರೀಕ್ಷೆಗೆ ಕನಿಷ್ಠ ಅರ್ಧ ಗಂಟೆ ಇಟ್ಟುಕೊಂಡು ಬನ್ನಿ. ನೂಲು, ಸೂಜಿ ಇಲ್ಲಿ ಇವೆ, ಆದರೆ ನೀವು ದಿನವೂ ಹೊಲಿಯುವಂಥ ಬಟ್ಟೆಯ ತುಂಡುಗಳನ್ನೇ ತಂದರೆ ನಿಮಗೆ ಸರಿಯಾಗಿ ಗೊತ್ತಾಗುತ್ತದೆ. ತೆಳುವಾದ ಲೈನಿಂಗ್ ಬಟ್ಟೆಯ ಮೇಲೆ ಒಂದು ಮೊಳ ಹೊಲಿದು, ತಿರುಗಿಸಿ ಅಡಿಭಾಗವನ್ನು ನೋಡಿ. ಮೇಲಿನ ನೂಲು ಅಡಿಯಲ್ಲಿ ಕುಣಿಕೆ ಕುಣಿಕೆಯಾಗಿ ಬಿದ್ದಿದ್ದರೆ, ನೂಲು ಸರಿಯಾಗಿ ಕೋದಿದೆಯೇ ಎಂದು ಮೊದಲು ಪರೀಕ್ಷಿಸಿ, ಆಮೇಲೆ ಟೆನ್ಷನ್ ತಿರುಪನ್ನು ನಿಮ್ಮ ಕೈಯಿಂದಲೇ ಸರಿಪಡಿಸಿ, ಮತ್ತೆ ಹೊಲಿದು ನೋಡಿ. ಆ ಬಳಿಕ ಜೀನ್ಸ್ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ಮೋಟಾರ್ ಇಲ್ಲದೆ ಬರೀ ಕಾಲಿನಲ್ಲಿ ತುಳಿದು ಹೊಲಿಯಿರಿ. ಸೂಜಿ ತಡವರಿಸುತ್ತದೆಯೇ, ಹೊಲಿಗೆ ತಪ್ಪುತ್ತದೆಯೇ ಎಂಬುದು ಅಲ್ಲಿ ಬಯಲಾಗುತ್ತದೆ. ಬಾಬಿನ್ ಕೇಸನ್ನು ಹೊರತೆಗೆದು ಶಟಲ್ ಕಡೆಯಲ್ಲಿ ತುಕ್ಕು ಇದೆಯೇ ನೋಡಿ. ಕೈಚಕ್ರವನ್ನು ನಿಧಾನವಾಗಿ ತಿರುಗಿಸಿದಾಗ ಎಲ್ಲಿಯಾದರೂ ಬಿಗಿಯುತ್ತದೆಯೇ ಎಂದು ಕೈಗೇ ತಿಳಿಯುತ್ತದೆ. ಟೇಬಲ್ ಮಡಚಿ ಅಡಿಯಲ್ಲಿ ಬೆಲ್ಟನ್ನೂ ನೋಡಬಹುದು. ನಾನು ಅವಸರಪಡಿಸುವುದಿಲ್ಲ. ನೋಡಿ ಬೇಡವೆನಿಸಿದರೆ ಕಾರಣ ಹೇಳದೆಯೇ ಹೊರಡಬಹುದು, ಅದಕ್ಕೆ ನನಗೆ ಬೇಸರವಿಲ್ಲ.

ಮುಂಗಡದ ವಿಷಯವನ್ನು ಖಚಿತವಾಗಿ ಬರೆಯುತ್ತೇನೆ. ಯಂತ್ರವನ್ನು ಕಾಯ್ದಿರಿಸಲು, ಸಾಗಣೆಗೆ, ಪ್ಯಾಕಿಂಗ್‌ಗೆ, ಟೋಕನ್ ಎಂದು ಅಥವಾ ಇನ್ನಾವುದೇ ಹೆಸರಿನಲ್ಲಿ ನಾನು ಒಂದು ರೂಪಾಯಿಯನ್ನೂ ಮುಂಗಡವಾಗಿ ಕೇಳುವುದಿಲ್ಲ, ನೀವಾಗಿ ಕಳಿಸುತ್ತೇನೆಂದರೂ ತೆಗೆದುಕೊಳ್ಳುವುದಿಲ್ಲ. ಎರಡು ವರ್ಷಗಳ ಹಿಂದೆ ಹಳೆಯ ಓವರ್‌ಲಾಕ್ ಯಂತ್ರವೊಂದಕ್ಕಾಗಿ, ‘ಇನ್ನೊಬ್ಬರು ದಾರಿಯಲ್ಲಿದ್ದಾರೆ, ಈಗಲೇ 2,000 ಕಳಿಸಿದರೆ ನಿಮಗೇ ಇಡುತ್ತೇನೆ’ ಎಂದವರ ಮಾತು ನಂಬಿ ಹಣ ಕಳಿಸಿದೆ. ಆ ಸಂಜೆಯಿಂದ ಅವರ ಫೋನ್ ಸ್ವಿಚ್ ಆಫ್ ಆಯಿತು. ಎಂಟು ರವಿಕೆಗಳನ್ನು ಹೊಲಿದ ದುಡ್ಡು ಅದು. ನನ್ನಿಂದ ಯಾರಿಗೂ ಹಾಗಾಗಬಾರದು. ಆದ್ದರಿಂದ ಈ ಯಂತ್ರದ ಚಿತ್ರಗಳನ್ನು ತೋರಿಸಿ ಯಾರಾದರೂ ಮುಂಗಡ ಕೇಳಿದರೆ, ಅದು ನಾನಲ್ಲ ಎಂದು ತಿಳಿಯಿರಿ. ಗುರುತಿಗಾಗಿ, ನೀವು ಕೇಳಿದಾಗ ಅಂದಿನ ದಿನಾಂಕವನ್ನು ಸೀಮೆಸುಣ್ಣದಲ್ಲಿ ಟೇಬಲ್ ಮೇಲೆ ಬರೆದು ಹೊಸ ಚಿತ್ರ ತೆಗೆದು ಕಳಿಸಿಕೊಡುತ್ತೇನೆ.

ಕೊಳ್ಳುವವರಲ್ಲೂ ನನ್ನ ಕೋರಿಕೆಯೊಂದಿದೆ. ‘ಹಣ ಹಾಕುತ್ತೇನೆ, ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ’ ಎಂಬ ಸಂದೇಶಗಳನ್ನು ದಯವಿಟ್ಟು ಕಳಿಸಬೇಡಿ. ಯುಪಿಐಯಲ್ಲಿ ಹಣ ಪಡೆಯುವವರು ಸ್ಕ್ಯಾನ್ ಮಾಡುವ ಅಗತ್ಯವೂ ಇಲ್ಲ, ಪಿನ್ ಒತ್ತುವ ಅಗತ್ಯವೂ ಇಲ್ಲ. ಪಿನ್ ಒತ್ತಿದರೆ ಹಣ ಹೋಗುತ್ತದೆಯೇ ಹೊರತು ಬರುವುದಿಲ್ಲ. ಬೇರೆ ಊರಿನಲ್ಲಿ ಕೆಲಸದಲ್ಲಿದ್ದೇನೆ, ಯಂತ್ರ ಒಯ್ಯಲು ಆಳನ್ನು ಕಳಿಸುತ್ತೇನೆ ಎಂದು ಹೇಳಿ ಫೋನಿನಲ್ಲೇ ವ್ಯವಹಾರ ಮುಗಿಸಲು ಬಯಸುವವರಿಗೆ ನಾನು ಕೊಡಲಾರೆ. ಕೊಳ್ಳುವವರು ಅಥವಾ ಅವರ ಮನೆಯವರು ಖುದ್ದಾಗಿ ಬಂದು ನೋಡಬೇಕು.

ಪರೀಕ್ಷೆ ಮುಗಿದು ನೀವು ಒಪ್ಪಿದ ಮೇಲೆ ಪೂರ್ತಿ ಹಣವನ್ನು ಅಂಗಡಿಯಲ್ಲಿಯೇ ಕೊಡಬಹುದು. ನಗದಾದರೆ ಇಬ್ಬರೂ ಎದುರೆದುರೇ ಎಣಿಸೋಣ. ಯುಪಿಐ ಆದರೆ ಅಂಗಡಿಯ ಗೋಡೆಯ ಮೇಲಿರುವ ಕೋಡನ್ನು ನೀವೇ ಸ್ಕ್ಯಾನ್ ಮಾಡಿ. ನನ್ನ ಬ್ಯಾಂಕ್ ಖಾತೆಗೆ ಹಣ ಸೇರಿದ್ದನ್ನು ನಾನು ನೋಡಿದ ಬಳಿಕ ಯಂತ್ರ ನಿಮ್ಮದು. ನಿಮ್ಮ ಫೋನಿನ ಸ್ಕ್ರೀನ್‌ಶಾಟನ್ನು ಪಾವತಿಯೆಂದು ಒಪ್ಪಲಾರೆ. ಅದು ನಿಮ್ಮ ಮೇಲಿನ ಅನುಮಾನವಲ್ಲ, ಎಲ್ಲರಿಗೂ ಇದೇ ಕ್ರಮ. ಯಂತ್ರದ ಮೇಲೆ ಕೊರೆದಿರುವ ಸಂಖ್ಯೆ, ದಿನಾಂಕ ಮತ್ತು ಕೊಟ್ಟ ಮೊತ್ತವನ್ನು ಬರೆದ ರಸೀದಿಯ ಎರಡು ಪ್ರತಿಗಳಿಗೆ ಇಬ್ಬರೂ ಸಹಿ ಹಾಕಿ ಒಂದೊಂದನ್ನು ಇಟ್ಟುಕೊಳ್ಳೋಣ.

ಯಂತ್ರದ ತಲೆ, ಟೇಬಲ್ ಮತ್ತು ಸ್ಟ್ಯಾಂಡನ್ನು ಬೇರ್ಪಡಿಸಿ ಕೊಡುತ್ತೇನೆ, ಬೆಲ್ಟ್ ಹಾಕುವ ರೀತಿಯನ್ನೂ ತೋರಿಸುತ್ತೇನೆ. ಲಗೇಜ್ ಆಟೊ ಗೊತ್ತುಮಾಡುವುದೂ ಅದರ ಬಾಡಿಗೆಯೂ ನಿಮ್ಮದು, ಪಾರ್ಸೆಲ್ ಕಳಿಸುವುದಿಲ್ಲ. ಒಯ್ದ ಏಳು ದಿನಗಳೊಳಗೆ ಹೊಲಿಗೆಯಲ್ಲಿ ತೊಂದರೆ ಕಂಡರೆ ತಲೆಯನ್ನು ಮಾತ್ರ ಅಂಗಡಿಗೆ ತನ್ನಿ, ನನಗೆ ತಿಳಿದ ಮಟ್ಟಿಗೆ ಹಣವಿಲ್ಲದೆ ಸರಿಮಾಡಿಕೊಡುತ್ತೇನೆ.

ನನ್ನ ಹೆಸರಿನಲ್ಲಿಯೋ ಈ ಯಂತ್ರದ ಹೆಸರಿನಲ್ಲಿಯೋ ಈಗಾಗಲೇ ಯಾರಿಗಾದರೂ ಹಣ ಕಳಿಸಿದ್ದರೆ, ನಾಚಿಕೆಪಟ್ಟು ಸುಮ್ಮನಿರದೆ, ತಕ್ಷಣ 1930 ಸಹಾಯವಾಣಿಗೆ ಕರೆ ಮಾಡಿ, ಇಲ್ಲವೇ cybercrime.gov.in ನಲ್ಲಿ ದೂರು ದಾಖಲಿಸಿ, ನಿಮ್ಮ ಬ್ಯಾಂಕಿಗೂ ತಿಳಿಸಿ. ನನಗೂ ಒಂದು ಸಂದೇಶ ಹಾಕಿದರೆ ಜಾಹೀರಾತಿನಲ್ಲಿ ಎಚ್ಚರಿಕೆ ಸೇರಿಸುತ್ತೇನೆ. ಯಂತ್ರ ಮಾರಾಟವಾದ ದಿನವೇ ಈ ಜಾಹೀರಾತನ್ನು ತೆಗೆದುಹಾಕುತ್ತೇನೆ.