ಗುರುವಾರ ನಿಮ್ಮ ಸರದಿ. ಬರ್ತೀರಲ್ವಾ?

ಕಾಲೇಜಿನ ರಕ್ತದಾನ ಶಿಬಿರ
2026 ಮಾರ್ಚ್ 12, ಗುರುವಾರ
ಬೆಳಿಗ್ಗೆ 9:30ರಿಂದ ಮಧ್ಯಾಹ್ನ 3ರವರೆಗೆ
ನೆಲಮಹಡಿಯ ಸಭಾಂಗಣ

"ಹೋದ ವರ್ಷವೇ ಶಿಬಿರ ಆಯ್ತಲ್ಲ, ಮತ್ತೆ ಯಾಕೆ?"

ಯಾಕೆಂದರೆ ರಕ್ತವನ್ನು ಕೂಡಿಟ್ಟುಕೊಳ್ಳಲು ಆಗುವುದಿಲ್ಲ. ಕೆಂಪು ರಕ್ತಕಣಗಳು ಫ್ರಿಜ್‌ನಲ್ಲಿಟ್ಟರೂ ಹೆಚ್ಚೆಂದರೆ 42 ದಿನ ಇರುತ್ತವೆ. ಪ್ಲೇಟ್‌ಲೆಟ್‌ಗಳದ್ದು ಸಾಮಾನ್ಯವಾಗಿ ಐದೇ ದಿನ. ಹೋದ ವರ್ಷ ಇಲ್ಲಿ ಕೊಟ್ಟ ಕೆಂಪು ಕಣಗಳಲ್ಲಿ ಇವತ್ತಿಗೆ ಒಂದು ಚೀಲವೂ ಉಳಿದಿಲ್ಲ.

ಬೇಕಾದವರು ಮಾತ್ರ ಇದ್ದೇ ಇದ್ದಾರೆ. ತೀವ್ರ ಥಲಸೀಮಿಯಾ ಇರುವ ಮಗುವಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಏರಿಸಲೇಬೇಕು. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ಎಷ್ಟೋ ಜನರಿಗೆ ಪ್ಲೇಟ್‌ಲೆಟ್ ಬೇಕು. ಹೆರಿಗೆಯಲ್ಲಿ ಜಾಸ್ತಿ ರಕ್ತ ಹೋದ ತಾಯಿಗೆ ಕಾಯಲು ಸಮಯವೇ ಇರುವುದಿಲ್ಲ. ಇದನ್ನು ಯಾವ ಕಾರ್ಖಾನೆಯೂ ತಯಾರಿಸಿ ಕೊಡುವುದಿಲ್ಲ. ಯಾರೋ ಒಬ್ಬರು ಬಂದು ತೋಳು ಚಾಚಬೇಕು. ಈ ಸಲ ಅದು ನೀವಾಗಿ.

ಸೂಜಿ ಅಂದ್ರೆ ಭಯಾನಾ? ಪರವಾಗಿಲ್ಲ, ಬನ್ನಿ. ನಮ್ಮಲ್ಲಿ ಹಲವರು ಮೊದಲ ಸಲ ಕಣ್ಣು ಮುಚ್ಚಿಕೊಂಡೇ ಕೊಟ್ಟವರು. ಚುಚ್ಚುವಾಗ ಒಂದು ಕ್ಷಣ ಚುರುಕ್ ಅನ್ನುತ್ತದೆ. ಆಮೇಲೆ ಸುಮ್ನೆ ಮಲಗಿರುವುದು, ಹತ್ತು ನಿಮಿಷ ಅಷ್ಟೇ. ಪ್ರತಿಯೊಬ್ಬರಿಗೂ ಹೊಸ ಸೂಜಿ, ಹೊಸ ಚೀಲ. ತೆಗೆಯುವುದು 350 ಅಥವಾ 450 ಮಿಲಿಲೀಟರ್. ಅದರ ನೀರಿನಂಶವನ್ನು ದೇಹ ಒಂದೆರಡು ದಿನದಲ್ಲೇ ತುಂಬಿಕೊಳ್ಳುತ್ತದೆ, ಕೆಂಪು ಕಣಗಳಿಗೆ ಕೆಲವು ವಾರ ಬೇಕು. ಪಕ್ಕದಲ್ಲಿ ಕೂತು ಮಾತಾಡಿಸಲು ನಮ್ಮ ಸ್ವಯಂಸೇವಕರು ಇರುತ್ತಾರೆ. ಹೆದರಿಕೆ ಇದ್ದರೆ ಮೊದಲೇ ಹೇಳಿ.

ಯಾರು ಕೊಡಬಹುದು?
18 ವರ್ಷ ತುಂಬಿರಬೇಕು. ತೂಕ 45 ಕೆ.ಜಿ.ಗಿಂತ ಕಡಿಮೆ ಇರಬಾರದು. ಹಿಮೋಗ್ಲೋಬಿನ್ 12.5 ಇರಬೇಕು, ಅದನ್ನು ಇಲ್ಲೇ ನೋಡುತ್ತಾರೆ. ಹಿಂದಿನ ಸಲ ಕೊಟ್ಟು ಹುಡುಗರಿಗೆ ಮೂರು ತಿಂಗಳು, ಹುಡುಗಿಯರಿಗೆ ನಾಲ್ಕು ತಿಂಗಳು ಆಗಿರಬೇಕು.

ಇತ್ತೀಚೆಗೆ ಜ್ವರ ಬಂದಿತ್ತಾ, ಟ್ಯಾಟೂ ಹಾಕಿಸಿಕೊಂಡಿದ್ದೀರಾ, ಮಾತ್ರೆ ತಗೊಳ್ತಿದ್ದೀರಾ? ವೈದ್ಯರ ಹತ್ತಿರ ಮುಚ್ಚಿಡಬೇಡಿ. ನಿಮ್ಮ ಉತ್ತರ ಗುಟ್ಟಾಗಿಯೇ ಇರುತ್ತದೆ. ಆ ಚೀಲ ಹೋಗುವುದು ಮೊದಲೇ ಸೋತ ದೇಹಕ್ಕೆ, ಅದಕ್ಕೇ ಇಷ್ಟು ಕೇಳುವುದು. "ಈಗ ಬೇಡ" ಅಂದರೆ ಬೇಜಾರು ಮಾಡಿಕೊಳ್ಳಬೇಡಿ. ಕೊಡಬಲ್ಲ ಒಬ್ಬ ಗೆಳೆಯನನ್ನೋ ಗೆಳತಿಯನ್ನೋ ಕರೆತನ್ನಿ.

ಬರುವ ಮುಂಚೆ ಹೊಟ್ಟೆ ತುಂಬ ತಿನ್ನಿ, ಚೆನ್ನಾಗಿ ನೀರು ಕುಡಿಯಿರಿ, ಹಿಂದಿನ ರಾತ್ರಿ ನಿದ್ದೆ ಮಾಡಿ. ಕೊಟ್ಟ ಮೇಲೆ 15 ನಿಮಿಷ ಕೂತೇ ಹೋಗಿ. ಅವತ್ತು ಜಿಮ್, ಆಟ ಬೇಡ.

ಇವತ್ತೇ ಹೆಸರು ಬರೆಸಿ: ಗ್ರಂಥಾಲಯದ ಬಾಗಿಲ ಪಕ್ಕದ ಮೇಜು, ಮಧ್ಯಾಹ್ನ 1ರಿಂದ 2, ಬುಧವಾರದವರೆಗೆ. ಬರೆಸಲು ಮರೆತರೆ ಗುರುವಾರ ಗುರುತಿನ ಚೀಟಿ ಹಿಡಿದು ನೇರವಾಗಿ ಸಭಾಂಗಣಕ್ಕೆ ಬನ್ನಿ.